ಸೋಮವಾರದ ಮೀಮ್ ನೋಡಿದರೆ ಯಾಕೆ ಹಗುರಾಗುತ್ತೆ?

ಪ್ರಶ್ನೆ: ಭಾನುವಾರ ಸಂಜೆ ಆರಾದರೆ ಸಾಕು, ಹೊಟ್ಟೆಯಲ್ಲಿ ತಳಮಳ ಶುರು. ಆಮೇಲೆ ಆಫೀಸ್ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ (ಮ್ಯಾನೇಜರ್ ಇಲ್ಲದ ಗ್ರೂಪು!) ಸೋಮವಾರದ ಮೀಮ್ ಬರುತ್ತೆ, ನಕ್ಕು ಹಗುರಾಗ್ತೀನಿ. ಸೋಮವಾರ ಅಂತೂ ಬದಲಾಗಲ್ಲ. ಮತ್ತೆ ಈ ಸಮಾಧಾನ ಎಲ್ಲಿಂದ? ಬೇರೆಯವರ ಸಂಕಟ ನೋಡಿ ಖುಷಿಪಡ್ತಿದ್ದೀನಾ?

ಉತ್ತರ: ಇಲ್ಲ, ಆ ಅನುಮಾನ ಬಿಡಿ. ಬೇರೆಯವರು ಬಿದ್ದಾಗ ನಗುವುದಕ್ಕೂ, ಒಂದೇ ಕೆಸರಲ್ಲಿ ನಿಂತು ಜೊತೆಗೆ ನಗುವುದಕ್ಕೂ ವ್ಯತ್ಯಾಸ ಇದೆ.

ತಪ್ಪು ಪಾಪದ ಭಾನುವಾರದ್ದೂ ಅಲ್ಲ. ಸೌದಿಯಲ್ಲಿ ರಜೆ ಶುಕ್ರವಾರ, ಶನಿವಾರ. ಅಲ್ಲಿ ಕೆಲಸಕ್ಕಿರುವ ನಮ್ಮ ಕರಾವಳಿಯವರಿಗೆ ಈ ತಳಮಳದ ಹೊತ್ತು ಶನಿವಾರ ಸಂಜೆ. ಬರಲಿರುವುದು ಕಣ್ಣಿಗೆ ಕಾಣುತ್ತಿದೆ, ಆದರೆ ಈಗಲೇ ಮಾಡುವಂಥದ್ದು ಏನೂ ಇಲ್ಲ. ಸಂಕಟ ಇರುವುದು ಆ ಕಾಯುವ ಹೊತ್ತಿನಲ್ಲೇ.

ಕಾಯುವಾಗ ಮನುಷ್ಯರು ಏನು ಬಯಸುತ್ತಾರೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಶಾಕ್ಟರ್ ಪರೀಕ್ಷಿಸಿ ನೋಡಿದ್ದರು. ಅದನ್ನು ಅವರು ಪುಸ್ತಕವಾಗಿ ಪ್ರಕಟಿಸಿದ್ದು 1959ರಲ್ಲಿ. ಮಿನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಕೋಣೆಯೊಳಗೆ ಬಂದರೆ ಎದುರಿಗೆ ಬಿಳಿ ಕೋಟಿನ ವ್ಯಕ್ತಿ, ಸುತ್ತ ವಿದ್ಯುತ್ ಯಂತ್ರಗಳು. ನಿಮಗೆ ಶಾಕ್ ಕೊಡುತ್ತೇವೆ, ನೋವಾಗುತ್ತದೆ ಎಂದು ಕೆಲವರಿಗೆ ಹೇಳಲಾಯಿತು. ಉಳಿದವರಿಗೆ, ಬರೀ ಕಚಗುಳಿಯಷ್ಟೇ ಎಂದು. ಸಿದ್ಧತೆಗೆ ಹತ್ತು ನಿಮಿಷ ಬೇಕು, ಒಬ್ಬರೇ ಕಾಯುತ್ತೀರೋ, ಜೊತೆಗೋ? ಹೆದರಿದ 32 ಮಂದಿಯಲ್ಲಿ 20 ಮಂದಿ ಜೊತೆ ಬೇಕೆಂದರು. ಅಷ್ಟು ಹೆದರದ 30 ಮಂದಿಯಲ್ಲಿ ಹಾಗೆಂದವರು 10 ಮಾತ್ರ. ಶಾಕನ್ನು ಯಾರಿಗೂ ಕೊಡಲಿಲ್ಲ, ಶಾಕ್ಟರ್ ಅವರಿಗೆ ಬೇಕಿದ್ದದ್ದು ಆ ಉತ್ತರವಷ್ಟೇ.

ನಿಮ್ಮ ಪ್ರಶ್ನೆಗೆ ಹತ್ತಿರದ್ದು ಅದರ ಮುಂದಿನ ಪರೀಕ್ಷೆ. ಈ ಸಲ ಎಲ್ಲರನ್ನೂ ಹೆದರಿಸಿ, ಕೆಲವರಿಗೆ ಇದೇ ಶಾಕಿಗೆ ಕಾದಿರುವವರ ಜೊತೆ ಕೂರುವ ಅವಕಾಶ ಕೊಟ್ಟರು. ಇನ್ನು ಕೆಲವರಿಗೆ, ಮೇಷ್ಟ್ರನ್ನು ಕಾಣಲು ಕಾದಿರುವ ಹುಡುಗಿಯರ ಜೊತೆ. ಮೊದಲನೆಯ ಗುಂಪಿನಲ್ಲಿ ಹೆಚ್ಚಿನವರು ಜೊತೆ ಬೇಕೆಂದರು, ಎರಡನೆಯದರಲ್ಲಿ ಒಬ್ಬರೂ ಇಲ್ಲ. ಬೇಕಾದದ್ದು ಯಾರೋ ಒಬ್ಬರ ಸಂಗ ಅಲ್ಲ, ಸಮದುಃಖಿಗಳ ಸಂಗ. ನಾಳೆ ಕೆಲಸವಿಲ್ಲದ ಮಾವ ಪಕ್ಕದಲ್ಲೇ ಕೂತು ಟೀವಿ ನೋಡುತ್ತಿದ್ದರೂ ನಿಮಗೆ ಹಗುರಾಗದೆ ಇರುವುದು ಇದಕ್ಕೇ.

ಇನ್ನೊಂದು ಕಾರಣವನ್ನು ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಜೋರ್ಡನ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಜೊತೆಯ ವಿದ್ಯಾರ್ಥಿಗಳು ಎಷ್ಟು ಸಲ ಬೇಜಾರಾಗುತ್ತಾರೆ ಎಂದು ಊಹಿಸಲು ಹೇಳಿದರೆ, ಜನ ನಿಜಕ್ಕಿಂತ ಕಡಿಮೆ ಹೇಳುತ್ತಾರೆ. ಅಳು ಒಂಟಿಯಾಗಿದ್ದಾಗ, ನಗು ನಾಲ್ಕು ಜನರೆದುರು. ನಮಗೆ ಕಾಣುವುದು ಎರಡನೆಯದೇ. ಹಾಗೆ ಕಡಿಮೆ ಊಹಿಸಿದವರಲ್ಲಿ ಒಂಟಿತನವೂ ಹೆಚ್ಚಿತ್ತು. ಭಾನುವಾರ ಮಧ್ಯಾಹ್ನದವರೆಗೆ ಸ್ಟೇಟಸ್‌ನಲ್ಲಿ ನಂದಿಬೆಟ್ಟ, ಬಿರಿಯಾನಿ. ಇವರೆಲ್ಲ ಆರಾಮಾಗಿದ್ದಾರೆ, ನನಗೇ ಏನೋ ಆಗಿದೆ ಅನ್ನಿಸಿರುತ್ತದೆ. ಸಂಜೆ ಆ ಮೀಮ್ ಬಿದ್ದು, ಕೆಳಗೆ ಹನ್ನೆರಡು ಅಳುವ ಎಮೋಜಿ ಬಂದಾಗ ಲೆಕ್ಕ ಸರಿಹೋಗುತ್ತದೆ. ‘ನಂಗೆ ನಾಳೆ ನೆನೆದರೆ ಭಯ’ ಎಂದು ನೀವೇ ಬರೆದಿದ್ದರೆ ‘ಏನಾಯ್ತು? ಕೆಲಸ ಬದಲಿಸು’ ಎಂಬ ಉಪದೇಶ ಬರುತ್ತಿತ್ತು. ಮೀಮಿನಲ್ಲಿ ಬೈಗುಳವೆಲ್ಲ ಸೋಮವಾರಕ್ಕೆ, ಯಾರೂ ತಮ್ಮ ಹೆಸರಲ್ಲಿ ಏನನ್ನೂ ಒಪ್ಪಿಕೊಳ್ಳಬೇಕಿಲ್ಲ.

ಆದರೆ ಇದಕ್ಕೊಂದು ಮಿತಿ ಇದೆ. ಕ್ಯುಲಿಕ್ ಮತ್ತು ಮಾಲರ್ ಎಂಬ ಸಂಶೋಧಕರು 1987ರಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಕಾದಿದ್ದವರನ್ನು ಗಮನಿಸಿದರು. ಪಕ್ಕದ ಹಾಸಿಗೆಯಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿಕೊಂಡವರು ಇದ್ದಾಗ, ತಮ್ಮಂತೆಯೇ ಕಾಯುತ್ತಿದ್ದವರು ಇದ್ದಾಗಿನದಕ್ಕಿಂತ ಆತಂಕ ಕಡಿಮೆ ಇತ್ತು. ಮನೆಗೂ ಬೇಗ ಹೋದರು. ಅಂದರೆ ಸಮದುಃಖಿಗಿಂತಲೂ ದಾಟಿ ಬಂದವರು ಮೇಲು. ನಿಮ್ಮ ತಳಮಳಕ್ಕೆ ಒಂದು ಹೆಸರಿದ್ದರೆ, ಉದಾಹರಣೆಗೆ ಹತ್ತು ಗಂಟೆಯ ರಿವ್ಯೂ, ಮೀಮ್ ಅದನ್ನು ಮುಟ್ಟುವುದಿಲ್ಲ. ಹೋದ ವಾರ ಅದೇ ರಿವ್ಯೂ ಕೊಟ್ಟವರಿಗೆ ಒಂದು ಫೋನ್ ಮಾಡಿ, ಏನೇನು ಕೇಳಿದರು ಎಂದು ತಿಳಿದುಕೊಳ್ಳಿ.

ಗ್ರೂಪಿನ ಮೇಲೂ ಒಂದು ಕಣ್ಣಿರಲಿ. ಶಾಲಾ ಮಕ್ಕಳ ಗೆಳೆತನ ಅಧ್ಯಯನ ಮಾಡಿದ ಅಮಾಂಡ ರೋಸ್ 2002ರಲ್ಲಿ ಒಂದು ವಿಚಿತ್ರ ಕಂಡರು. ಒಂದೇ ತೊಂದರೆಯನ್ನು ಮತ್ತೆ ಮತ್ತೆ ಕೆದಕಿ ಮಾತಾಡುವ ಗೆಳೆಯರಲ್ಲಿ ಆಪ್ತತೆಯೂ ಹೆಚ್ಚು, ಖಿನ್ನತೆ, ಆತಂಕವೂ ಹೆಚ್ಚು. ನಕ್ಕು ಫೋನ್ ಕೆಳಗಿಟ್ಟರೆ ಸರಿ. ಮೀಮಿನಿಂದ ಶುರುವಾದದ್ದು ಒಂಬತ್ತೂವರೆಗೆ ‘ಅವನು ಶುಕ್ರವಾರ ಏನಂದ ಗೊತ್ತಾ’ ಎಂಬಲ್ಲಿಗೆ ಬಂದು, ನಿಮಗೆ ಊಟ ಸೇರದಂತಾದರೆ ಆ ರಾತ್ರಿಗೆ ಗ್ರೂಪ್ ಮ್ಯೂಟ್ ಮಾಡಿ. ಮೀಮ್ ಬೆಳಿಗ್ಗೆ ಬಸ್ಸಿನಲ್ಲೂ ನೋಡಬಹುದು.