‘ದಾನಚಿಂತಾಮಣಿ’ಯನ್ನು ಅಳಿಸಬೇಕೆ?

ಗದಗ ಕಡೆಯ ಮಾಸ್ತರರೊಬ್ಬರು ವಿಶ್ವಕೋಶಕ್ಕೆಂದು ಲಕ್ಕುಂಡಿಯ ಬಗ್ಗೆ ಬರೆದ ಕರಡು ತಿದ್ದುವುದಕ್ಕೆ ನನ್ನ ಬಳಿ ಬಂದಿತ್ತು. ಅದರ ನಡುವಿನ ಒಂದು ಭಾಗ ಹೀಗಿತ್ತು:

“ದಾನಚಿಂತಾಮಣಿ ಅತ್ತಿಮಬ್ಬೆ ಕನ್ನಡ ನಾಡು ಕಂಡ ಅಪ್ರತಿಮ ಮಹಾತಾಯಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿ, ಕನ್ನಡ ಸಾಹಿತ್ಯವನ್ನೇ ಅಳಿವಿನಿಂದ ಪಾರು ಮಾಡಿದಳು. ನೂರೊಂದು ಗುಡಿ, ನೂರೊಂದು ಬಾವಿಗಳಿರುವ ಲಕ್ಕುಂಡಿಯಲ್ಲಿ ಈಕೆ ಕಟ್ಟಿಸಿದ ಬ್ರಹ್ಮ ಜಿನಾಲಯವು ಜಗತ್ತೇ ಬೆರಗಾಗುವ ಕಲಾಕೃತಿ. ದುರದೃಷ್ಟವಶಾತ್ ಇಂದು ಅದನ್ನು ಕೇಳುವವರಿಲ್ಲ.”

ಮೊದಲ ಸುತ್ತಿನಲ್ಲಿ ನಾನು ಹೊಗಳಿಕೆಯಂತೆ ಕಂಡದ್ದನ್ನೆಲ್ಲ ಹೊಡೆದುಹಾಕಿದೆ. ಅದರಲ್ಲಿ ‘ದಾನಚಿಂತಾಮಣಿ’ಯೂ ಹೋಯಿತು. “ಅದು ನನ್ನ ಮಾತಲ್ಲ, ರನ್ನನ ಮಾತು. ಅದನ್ನೇಕೆ ತೆಗೆದಿರಿ?” ಎಂದು ಮಾಸ್ತರರು ಫೋನಿನಲ್ಲಿ ಕೇಳಿದರು. ಅವರ ಮಾತು ಸರಿಯಾಗಿತ್ತು. ‘ಅಪ್ರತಿಮ’ ಎಂಬುದು ಲೇಖಕರ ಮೆಚ್ಚುಗೆ. ಅದನ್ನು ತೆಗೆದರೆ ಓದುಗನಿಗೆ ಯಾವ ಮಾಹಿತಿಯೂ ತಪ್ಪುವುದಿಲ್ಲ. ‘ದಾನಚಿಂತಾಮಣಿ’ ಹಾಗಲ್ಲ, ಅದು ಆಕೆಯ ಕಾಲದ ಜನ ಆಕೆಯನ್ನು ಹೇಗೆ ಕಂಡರು ಎಂಬುದರ ದಾಖಲೆ. ಆದರೆ ಬಿರುದನ್ನು ಹೆಸರಿಗೆ ಅಂಟಿಸಿ ಬರೆದರೆ ಲೇಖನವೇ ಆಕೆಯನ್ನು ಹಾಗೆ ಕರೆದಂತಾಗುತ್ತದೆ. ಆದ್ದರಿಂದ ಹೆಸರಿನಿಂದ ಬಿಡಿಸಿ, ಕರೆದವರು ಯಾರು ಎಂಬುದನ್ನು ಪಕ್ಕದಲ್ಲೇ ಹೇಳಿದೆ.

ಸಾವಿರ ಪ್ರತಿಗಳ ವಾಕ್ಯದಲ್ಲಿ ಎರಡು ಮಾತುಗಳು ಬೆಸೆದುಕೊಂಡಿವೆ. ಪ್ರತಿ ಮಾಡಿಸಿದಳು ಎಂಬುದು ಸಾಹಿತ್ಯ ಚರಿತ್ರೆಗಳಲ್ಲಿ ಸಿಗುತ್ತದೆ. ಗ್ರಂಥದ ಹೆಸರು, ಪುಟಸಂಖ್ಯೆ ಕೊಟ್ಟು ಉಳಿಸಬಹುದು. ಸಾಹಿತ್ಯವನ್ನು ಅಳಿವಿನಿಂದ ಪಾರು ಮಾಡಿದಳು ಎಂಬುದು ಬೇರೆಯದೇ ವಾದ. ಪ್ರತಿ ಮಾಡಿಸಿದ್ದು ಒಂದು ಕಾವ್ಯವನ್ನು. ಅದರಿಂದ ಇಡೀ ಸಾಹಿತ್ಯ ಉಳಿಯಿತು ಎನ್ನುವುದಕ್ಕೆ ಯಾರಾದರೂ ವಿದ್ವಾಂಸರು ಹಾಗೆ ವಾದಿಸಿರಬೇಕು, ಅವರ ಹೆಸರು ಬೇಕು. ಇಲ್ಲಿ ಬಹಳ ಜನ ‘ಎನ್ನಲಾಗಿದೆ’, ‘ಎಂದು ಹೇಳಲಾಗುತ್ತದೆ’ ಸೇರಿಸಿ ಮುಂದೆ ಹೋಗುತ್ತಾರೆ. ನನಗೆ ಕರಡಿನಲ್ಲಿ ಅತಿ ಹೆಚ್ಚು ಕಾಟ ಕೊಡುವುದು ಈ ಕರ್ಮಣಿ ಪ್ರಯೋಗವೇ. ಅದು ಹೇಳಿದವರನ್ನು ಮರೆಮಾಡಿ, ಆಧಾರವಿಲ್ಲದ ಮಾತಿಗೆ ಆಧಾರವಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಅಂಥ ಪದ ಸಿಕ್ಕಲ್ಲೆಲ್ಲ ಅಂಚಿನಲ್ಲಿ ‘ಯಾರು?’ ಎಂದು ಬರೆಯುತ್ತೇನೆ. ಉತ್ತರ ಬಾರದಿದ್ದರೆ ವಾಕ್ಯ ಹೋಗುತ್ತದೆ. ಇದೂ ಹಾಗೆಯೇ ಹೋಯಿತು.

‘ಸಾಹಿತ್ಯವನ್ನೇ’, ‘ಜಗತ್ತೇ’ ಎಂಬಲ್ಲಿನ ಏಕಾರವನ್ನೂ ನೋಡಿ. ವಿಶೇಷಣಗಳನ್ನೆಲ್ಲ ತೆಗೆದ ಮೇಲೂ ಇದೊಂದು ಅಕ್ಷರ ಉಳಿದು ವಾಕ್ಯವನ್ನು ಎತ್ತರದ ದನಿಯಲ್ಲಿ ಮಾತನಾಡಿಸುತ್ತದೆ. ‘ಕೇವಲ’, ‘ದುರದೃಷ್ಟವಶಾತ್’ ಕೂಡ ಅದೇ ಬಗೆಯವು. ಉಲ್ಟಾ ದಿಕ್ಕಿನದೂ ಇದೆ: ‘ಹೇಳಿದ್ದಾರೆ’ ಎನ್ನುವಲ್ಲಿ ‘ಹೇಳಿಕೊಂಡಿದ್ದಾರೆ’ ಎಂದರೆ ಹೇಳಿದವರ ಮೇಲೆ ಸಂಶಯ ಹುಟ್ಟುತ್ತದೆ. ಗೌರವಸೂಚಕ ಬಹುವಚನವನ್ನು ಮಾತ್ರ ನಾನು ಮುಟ್ಟುವುದಿಲ್ಲ. ಬದುಕಿರುವವರನ್ನು ‘ಅವರು’ ಎನ್ನುವುದು ಕನ್ನಡದ ಸಹಜ ನಡೆ, ಹೊಗಳಿಕೆಯಲ್ಲ. ‘ಪೂಜ್ಯ’, ‘ಕೀರ್ತಿಶೇಷ’ ಇವುಗಳನ್ನು ತೆಗೆಯುತ್ತೇನೆ. ‘ಲಿಂಗೈಕ್ಯರಾದರು’ ಎಂಬಲ್ಲಿ ‘ನಿಧನರಾದರು’ ಎನ್ನುತ್ತೇನೆ.

‘ನೂರೊಂದು ಗುಡಿ, ನೂರೊಂದು ಬಾವಿ’ ನಮ್ಮ ಭಾಗದ ನಾಲಿಗೆಯ ಮೇಲಿರುವ ಮಾತು. ಎಣಿಕೆಯಾಗಿ ಅದು ನಿಲ್ಲುವುದಿಲ್ಲ. ಜನರ ಮಾತಾಗಿ ಉಳಿಸಿಕೊಳ್ಳಬೇಕಾದದ್ದು. ಹಾಗಾಗಿ ‘ಇವೆ’ ಎಂಬ ಕ್ರಿಯಾಪದವನ್ನು ಅದಕ್ಕೆ ಕೊಡಲಿಲ್ಲ. ‘ಕೇಳುವವರಿಲ್ಲ’ ಎಂಬ ಕೊನೆಯ ವಾಕ್ಯ ಮಾಸ್ತರರ ನೋವು. ಆ ನೋವು ಪತ್ರಿಕೆಯ ಲೇಖನಕ್ಕೆ ಒಪ್ಪುತ್ತದೆ. ಇಲ್ಲಿ ಅದರ ಜಾಗದಲ್ಲಿ, ಸ್ಮಾರಕ ಯಾರ ಸುಪರ್ದಿಯಲ್ಲಿದೆ ಎಂಬುದನ್ನು ಬರೆದೆವು.

ಎರಡನೆಯ ಸುತ್ತಿನ ರೂಪ ಇದು:

“ಅತ್ತಿಮಬ್ಬೆ ಕಲ್ಯಾಣ ಚಾಲುಕ್ಯರ ಕಾಲದ ಜೈನ ದಾನಿ, ದಂಡನಾಯಕ ನಾಗದೇವನ ಪತ್ನಿ. ಈಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನ ಈಕೆಯನ್ನು ‘ದಾನಚಿಂತಾಮಣಿ’ ಎಂದು ಕರೆದಿದ್ದಾನೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಸಾಹಿತ್ಯ ಚರಿತ್ರಕಾರರು ಬರೆದಿದ್ದಾರೆ. ಲಕ್ಕುಂಡಿಯಲ್ಲಿ ಈಕೆ ಜಿನಾಲಯ ಕಟ್ಟಿಸಿದ ವಿಷಯ ಅಲ್ಲಿನ 1007ರ ಶಾಸನದಲ್ಲಿದೆ. ಬ್ರಹ್ಮ ಜಿನಾಲಯ ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಊರಿನ ಬಗ್ಗೆ ‘ನೂರೊಂದು ಗುಡಿ, ನೂರೊಂದು ಬಾವಿ’ ಎಂಬ ಮಾತು ಜನರಲ್ಲಿ ಬಳಕೆಯಲ್ಲಿದೆ.”

ಓದಿದ ಮಾಸ್ತರರು ಒಂದು ಪದದ ಮೇಲೆ ಬೆರಳಿಟ್ಟರು: ‘ಸಾಹಿತ್ಯ ಚರಿತ್ರಕಾರರು’. “ಯಾರು?” ಎಂದರು. ಅದರ ಅಡಿಟಿಪ್ಪಣಿಗೆ ಪುಟಸಂಖ್ಯೆ ಹುಡುಕಲು ಮುಂದಿನ ಶನಿವಾರ ಧಾರವಾಡದ ಗ್ರಂಥಾಲಯದಲ್ಲಿ ಸೇರುವುದೆಂದು ಮಾತಾಯಿತು.