ಎರಡು ಉತ್ತರ ಕೊಟ್ಟ ಕ್ವಾರಿ ಲೆಕ್ಕ

ಚಿತ್ರದುರ್ಗದ ಕಡೆ ಕಲ್ಲು ಕ್ವಾರಿ ಗುತ್ತಿಗೆ ಹಿಡಿಯುವವರು ನಮ್ಮ ಆಫೀಸಿಗೆ ಬಂದರೆ ಮೊದಲು ಹೇಳುವ ಮಾತು ಒಂದೇ: "ಸಾರ್, ಐದು ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್." ಅದೇ ಪೇಬ್ಯಾಕ್. ಅಸಲು ಕೈಗೆ ಬಂದ ದಿನಕ್ಕೆ ಆ ಲೆಕ್ಕ ಮುಗಿಯುತ್ತದೆ, ಆಮೇಲೆ ಏನಾಗುತ್ತದೆ ಎಂದು ಅದು ನೋಡುವುದೇ ಇಲ್ಲ. ಕ್ವಾರಿಯಲ್ಲಿ ನೋಡಬೇಕಾದದ್ದು ಅದನ್ನೇ. ಕೊನೆಗೆ ಗುಂಡಿ ಮುಚ್ಚಿ, ನೆಲ ಸಮ ಮಾಡಿ ಒಪ್ಪಿಸಬೇಕು.

ಸುಲಭವಾಗಲೆಂದು ಎರಡೇ ವರ್ಷದ ಲೆಕ್ಕ ಇಟ್ಟುಕೊಳ್ಳೋಣ. ಇವತ್ತು 1 ಕೋಟಿ ಹಾಕುತ್ತೀರಿ. ಮೊದಲ ವರ್ಷವಿಡೀ ಸಮನಾಗಿ ಒಟ್ಟು 2.50 ಕೋಟಿ ಬರುತ್ತದೆ, ಲೆಕ್ಕಕ್ಕೆ ಅದೆಲ್ಲ ವರ್ಷದ ಕೊನೆಗೆ ಬಂತೆಂದು ಹಿಡಿಯೋಣ. ಎರಡನೇ ವರ್ಷದ ಕೊನೆಗೆ ಗುಂಡಿ ಮುಚ್ಚಲು 1.54 ಕೋಟಿ ಹೋಗುತ್ತದೆ. ಬರೀ ಕೂಡಿ ಕಳೆದರೆ 4 ಲಕ್ಷ ನಷ್ಟ. ಆದರೆ ಎಕ್ಸೆಲ್‌ನಲ್ಲಿ ಲಕ್ಷದ ಲೆಕ್ಕದಲ್ಲಿ -100, 250, -154 ಎಂದು ತುಂಬಿ, ಹಾಕಿದ ಹಣ ವರ್ಷಕ್ಕೆ ಶೇಕಡಾ ಎಷ್ಟು ದುಡಿಯುತ್ತದೆ ಎಂದು ಹೇಳುವ ಐಆರ್‌ಆರ್ ಕೇಳಿ ನೋಡಿ:

```
=IRR(A1:A3)
=IRR(A1:A3,0.5)
```

ಮೊದಲನೆಯದು 10% ಎನ್ನುತ್ತದೆ, ಎರಡನೆಯದು 40%. ಎರಡೂ ಸರಿಯಾದ ಉತ್ತರವೇ. 0.5 ಎಂಬುದು ಎಲ್ಲಿಂದ ಹುಡುಕಬೇಕು ಎಂದು ನಾವು ಕೊಟ್ಟ ಸುಳಿವು ಮಾತ್ರ. ಹಣ ಹೋಗುವುದು ಮೈನಸ್, ಬರುವುದು ಪ್ಲಸ್; ಈ ಚಿಹ್ನೆ ಎರಡು ಸಲ ಬದಲಾದರೆ ಎರಡು ಉತ್ತರ ಇರಬಹುದು. ಚನ್ನಗಿರಿಯ ಅಡಿಕೆ ತೋಟದಲ್ಲಿ ಈ ತೊಡಕು ಸಾಮಾನ್ಯವಾಗಿ ಇರುವುದಿಲ್ಲ: ಮೊದಲ ವರ್ಷಗಳಲ್ಲಿ ಬರೀ ಖರ್ಚು, ಆಮೇಲೆ ಬರೀ ಆದಾಯ, ಚಿಹ್ನೆ ಬದಲಾಗುವುದು ಒಂದೇ ಸಲ.

ಎರಡು ಉತ್ತರ ಯಾಕೆ ಬಂತು? 40% ಹಿಡಿದು ನೋಡಿ. ಹಾಕಿದ 1 ಕೋಟಿ ವರ್ಷದ ಕೊನೆಗೆ 1.40 ಕೋಟಿ ಬಾಕಿಯಾಗುತ್ತದೆ. ಬಂದ 2.50ರಲ್ಲಿ ಅದನ್ನು ತೀರಿಸಿದರೆ ಉಳಿಯುವುದು 1.10 ಕೋಟಿ. ಅದು ಮುಂದಿನ ವರ್ಷ 40% ದುಡಿದರಷ್ಟೇ 1.54 ಆಗುತ್ತದೆ. 10% ಹಿಡಿದರೆ ಬಾಕಿ 1.10, ಉಳಿಕೆ 1.40, ಅದು 10% ದುಡಿದರೆ ಮತ್ತೆ 1.54. ಅಂದರೆ ನೀವು ಕೊಡುವ ಬಡ್ಡಿ, ನಿಮಗೆ ಬರುವ ಬಡ್ಡಿ ಎರಡೂ ಒಂದೇ ಎಂದು ಐಆರ್‌ಆರ್ ಹಿಡಿದುಬಿಡುತ್ತದೆ. ಒಂದು ವರ್ಷ ಕೈಯಲ್ಲಿರುವ ಆ ಉಳಿಕೆಗೆ 40% ಕೊಡುವವರು ಯಾರು?

ಅದಕ್ಕೇ ನಾನು ಕೇಳುವ ಪ್ರಶ್ನೆ ಬೇರೆ: ಆ ಹಣ ಎಲ್ಲಿಡುತ್ತೀರಿ? ಸಾಲ 12%ರದ್ದು, ಉಳಿಕೆ 7%ರ ಎಫ್‌ಡಿಯಲ್ಲಿ ಎನ್ನೋಣ. ಸಾಲ, ಬಡ್ಡಿ ತೀರಿಸಿದ ಮೇಲೆ 1.38 ಕೋಟಿ ಉಳಿಯುತ್ತದೆ. ವರ್ಷ ಕಳೆದರೆ ಅದು ಸುಮಾರು 1.4766 ಕೋಟಿ. ಗುಂಡಿ ಮುಚ್ಚಲು 6.34 ಲಕ್ಷ ಸಾಲದು! ಐದು ತಿಂಗಳ ಪೇಬ್ಯಾಕ್ ಇದ್ದ ಕೆಲಸವೇ ಇದು. ಅದೇ 1.38 ಕೋಟಿಯನ್ನು ನಿಮ್ಮ ಬೇರೆ ವ್ಯವಹಾರದ 12%ರ ಓವರ್‌ಡ್ರಾಫ್ಟ್‌ಗೆ ಕಟ್ಟಿ ಬಡ್ಡಿ ಉಳಿಸಿದರೆ 1.5456 ಕೋಟಿಗೆ ಸಮ. ಆಗ ಎರಡನೇ ವರ್ಷದ ಕೊನೆಗೆ 56 ಸಾವಿರ ಉಳಿಯುತ್ತದೆ, ಅದೂ ಗುಂಡಿ ಮುಚ್ಚುವ ಖರ್ಚು ಅಂದಾಜಿಗಿಂತ ಒಂದು ರೂಪಾಯಿಯೂ ಏರದಿದ್ದರೆ.