ಆಹಾರ ನಿಯಮಗಳ ತುಲನಾತ್ಮಕ ಕೋಷ್ಟಕ: ಹಲಾಲ್, ಕೋಷರ್, ಶಾಕಾಹಾರ

ಧರ್ಮಗಳ ಆಹಾರ ನಿಯಮಗಳನ್ನು ಹೋಲಿಸುವ ಕೋಷ್ಟಕಕ್ಕೆ ನಾವು ಸಾಮಾನ್ಯವಾಗಿ ‘ತಿನ್ನಬಹುದು’, ‘ತಿನ್ನಬಾರದು’ ಎಂಬ ಎರಡೇ ಕಾಲಂ ಹಾಕುತ್ತೇವೆ. ಹಾಗೆ ಮಾಡಿದರೆ ಹಂದಿಮಾಂಸದ ಎದುರು ಯಹೂದಿಗಳಿಗೂ ಮುಸ್ಲಿಮರಿಗೂ ‘ಬಾರದು’ ಎಂದು ಬಿದ್ದು, ಹಲಾಲ್ ಮತ್ತು ಕೋಷರ್ ಎರಡೂ ಒಂದೇ ಎಂಬ ತಪ್ಪು ತಿಳಿವಳಿಕೆ ಉಳಿದುಬಿಡುತ್ತದೆ. ಪಟ್ಟಿಗಿಂತ ಪ್ರಶ್ನೆಗಳನ್ನು ಕಾಲಂಗಳಾಗಿ ಹಾಕುವುದು ಮೇಲು: ಯಾವ ಜೀವಿ ಅಥವಾ ಗಿಡ, ಅದನ್ನು ಹೇಗೆ ಸಿದ್ಧಪಡಿಸಬೇಕು, ಯಾವುದರ ಜೊತೆ ಸೇರಬಾರದು, ಯಾವ ಹೊತ್ತಿನಲ್ಲಿ ವರ್ಜ್ಯ. ಪ್ರತಿ ಸಂಪ್ರದಾಯದ ಬಿಗಿ ಇರುವುದು ಬೇರೆ ಬೇರೆ ಕಾಲಂನಲ್ಲಿ ಎಂಬುದು ಆಗ ಕಣ್ಣಿಗೆ ಕಾಣುತ್ತದೆ.

| ಸಂಪ್ರದಾಯ | ಯಾವುದು ವರ್ಜ್ಯ | ಸಿದ್ಧತೆ | ಜೊತೆ | ಹೊತ್ತು |
|---|---|---|---|---|
| ಯಹೂದಿ (ಕೋಷರ್) | ಹಂದಿ, ಒಂಟೆ, ಸಿಗಡಿ, ಏಡಿ | ವಿಧಿಯಂತೆ ವಧೆ, ರಕ್ತ ತೆಗೆಯುವುದು | ಮಾಂಸ ಮತ್ತು ಹಾಲು ಕೂಡದು | ಪಾಸ್‌ಓವರ್ ಹಬ್ಬದಲ್ಲಿ ಹುದುಗಿದ ಹಿಟ್ಟು ವರ್ಜ್ಯ |
| ಮುಸ್ಲಿಂ (ಹಲಾಲ್) | ಹಂದಿ, ರಕ್ತ, ತಾನಾಗಿ ಸತ್ತ ಪ್ರಾಣಿ, ಮದ್ಯ | ದೇವರ ಹೆಸರು ಹೇಳಿ ವಧೆ | ನಿಯಮವಿಲ್ಲ | ರಂಜಾನಿನ ಹಗಲು ಉಪವಾಸ |
| ಜೈನ | ಮಾಂಸ, ಮೊಟ್ಟೆ, ಜೇನು, ಗೆಡ್ಡೆಗೆಣಸು | ನೀರು ಸೋಸುವುದು | ಪಂಥದಂತೆ ಬದಲು | ಸೂರ್ಯಾಸ್ತದ ನಂತರ ಊಟವಿಲ್ಲ |
| ಶಾಕಾಹಾರಿ ವೈಷ್ಣವ | ಮಾಂಸ, ಮೊಟ್ಟೆ. ಹಲವರಿಗೆ ಈರುಳ್ಳಿ, ಬೆಳ್ಳುಳ್ಳಿ | ಮಡಿಯ ಅಡುಗೆ | ಎಂಜಲು ಸೋಕಬಾರದು | ಏಕಾದಶಿ, ಚಾತುರ್ಮಾಸ್ಯ |

ಕೋಷರ್ ಸಾಲನ್ನು ಸ್ವಲ್ಪ ನಿಧಾನವಾಗಿ ಓದಬೇಕು. ನೆಲದ ಪ್ರಾಣಿಗೆ ಗೊರಸು ಸೀಳಿರಬೇಕು, ಜೊತೆಗೆ ಅದು ಮೆಲುಕು ಹಾಕಬೇಕು ಎಂದು ಯಹೂದಿಗಳ ಧರ್ಮಗ್ರಂಥವಾದ ತೋರಾದ ಲೇವಿಯ ಭಾಗದ 11ನೇ ಅಧ್ಯಾಯ ವಿಧಿಸುತ್ತದೆ. ಹಂದಿಗೆ ಮೊದಲನೆಯದಿದೆ, ಎರಡನೆಯದಿಲ್ಲ. ಒಂಟೆ ಮೆಲುಕು ಹಾಕುತ್ತದೆ, ಆದರೆ ಅದರ ಗೊರಸನ್ನು ಸೀಳಿದ್ದೆಂದು ಅಲ್ಲಿ ಒಪ್ಪಿಲ್ಲ. ಹಾಗಾಗಿ ಒಂಟೆಮಾಂಸ ಹಲಾಲ್ ಆದರೂ ಕೋಷರ್ ಅಲ್ಲ. ನೀರಿನ ಜೀವಿಗೆ ಈಜುರೆಕ್ಕೆಯೂ ಹುರುಪೆಯೂ ಇರಬೇಕು. ವಧೆ ಮಾಡುವವನು ತರಬೇತಿ ಪಡೆದ ಶೋಖೆಟ್ ಆಗಿರಬೇಕು. ಅವನು ಚೂರಿಯ ಅಲಗನ್ನು ಉಗುರಿನ ಮೇಲೆ ಎಳೆದು, ಕೂದಲಷ್ಟು ಮುಕ್ಕಾದರೂ ಇದೆಯೇ ಎಂದು ನೋಡುತ್ತಾನೆ. ಬಳಿಕ ಶ್ವಾಸಕೋಶದ ತಪಾಸಣೆ ನಡೆಯುತ್ತದೆ. ಮಾಂಸವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒಂದು ಗಂಟೆ ಕಲ್ಲುಪ್ಪು ಸವರಿ ಇಟ್ಟು, ಚೆನ್ನಾಗಿ ತೊಳೆದರೆ ರಕ್ತ ಹೋಯಿತೆಂದು ಲೆಕ್ಕ. ಪಿತ್ತಜನಕಾಂಗದಲ್ಲಿ ರಕ್ತ ಹೆಚ್ಚಾದ್ದರಿಂದ ಅದನ್ನು ಉರಿಯ ಮೇಲೆಯೇ ಸುಡಬೇಕು.

ಇಷ್ಟಾದರೂ ಈ ಸಾಲಿನ ನಿಜವಾದ ತೂಕ ‘ಜೊತೆ’ ಎಂಬ ಕಾಲಂನಲ್ಲಿದೆ. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಎಂಬ ಮಾತು ತೋರಾದಲ್ಲಿ ಮೂರು ಸಲ ಬರುತ್ತದೆ. ಅದನ್ನು ಹಿಡಿದೇ ಯಹೂದಿ ಅಡುಗೆಮನೆಯಲ್ಲಿ ಮಾಂಸಕ್ಕೂ ಹಾಲಿಗೂ ಪ್ರತ್ಯೇಕ ಪಾತ್ರೆ ಇರುತ್ತದೆ. ಮಾಂಸ ಉಂಡ ಮೇಲೆ ಹಾಲಿನ ಪದಾರ್ಥಕ್ಕೆ ಹಲವು ಸಮುದಾಯಗಳಲ್ಲಿ ಆರು ಗಂಟೆ ಕಾಯುತ್ತಾರೆ, ಕೆಲವು ಕಡೆ ಮೂರು ಅಥವಾ ಒಂದು ಗಂಟೆ ಸಾಕು. ತರಕಾರಿ, ಹಣ್ಣು, ಮೊಟ್ಟೆ ಎರಡೂ ಬದಿಗೆ ಸೇರುತ್ತವೆ. ಮೊಸರಿನಲ್ಲಿ ನೆನೆಸಿದ ಕೋಳಿ ಹಲಾಲ್ ಆಗಬಹುದು, ಕೋಷರ್ ಎಂದೂ ಆಗದು. ಮದ್ಯದಲ್ಲಿ ಲೆಕ್ಕ ಉಲ್ಟಾ: ಯಹೂದಿಗಳಿಗೆ ಸರಿಯಾದ ಮೇಲ್ವಿಚಾರಣೆಯಲ್ಲಿ ಮಾಡಿದ ದ್ರಾಕ್ಷಾರಸ ಸಬ್ಬತ್ ದಿನದ ಆಚರಣೆಯಲ್ಲೇ ಇದೆ, ಇಸ್ಲಾಮಿನಲ್ಲಿ ಅಮಲೇರಿಸುವ ಪಾನೀಯ ನಿಷಿದ್ಧ.

ಒಂದು ಸಾಲಿನೊಳಗೂ ಏಕರೂಪತೆ ಇಲ್ಲ ಎಂಬುದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ. ಭಟ್ಕಳದ ನವಾಯತರು ಮತ್ತು ದಕ್ಷಿಣ ಕನ್ನಡದ ಬ್ಯಾರಿಗಳು ಶಾಫಿ ಪಂಥದವರು; ಅವರಿಗೆ ಏಡಿ, ಸಿಗಡಿ ಸಹಜ ಆಹಾರ. ಒಳನಾಡಿನಲ್ಲಿ ಹೆಚ್ಚಾಗಿರುವ ಹನಫಿ ಪಂಥದ ಪ್ರಕಾರ ನೀರಿನ ಜೀವಿಗಳಲ್ಲಿ ಮೀನು ಮಾತ್ರ ಸಮ್ಮತ, ಏಡಿ ಸಲ್ಲದು, ಸಿಗಡಿ ಮೀನೇ ಹೌದೇ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಆದ್ದರಿಂದ ಏಡಿಯ ಎದುರು ‘ಮುಸ್ಲಿಂ’ ಎಂದು ಒಂದೇ ಉತ್ತರ ಬರೆಯುವುದು ತಪ್ಪಾಗುತ್ತದೆ.

ಜೈನರ ಸಾಲಿಗೆ ಬಂದಾಗ ಹೂಕೋಸನ್ನು ಕೈಗೆತ್ತಿಕೊಂಡು ನೋಡೋಣ. ಕೋಷರ್ ಪಾಲಿಸುವವರು ಅದರ ಗೊಂಚಲುಗಳನ್ನು ಬಿಡಿಸಿ, ಉಪ್ಪುನೀರಿನಲ್ಲಿ ನೆನೆಸಿ, ಬೆಳಕಿಗೆ ಹಿಡಿದು ಹುಳು ಹುಡುಕುತ್ತಾರೆ. ಅನೇಕ ಜೈನರು ಹೂಕೋಸನ್ನೇ ಬಿಡುತ್ತಾರೆ. ಕಾರಣ ಎರಡರಲ್ಲೂ ಹುಳುವೇ. ಆದರೆ ಯಹೂದಿ ನಿಯಮ ತಡೆಯುವುದು ಹುಳುವನ್ನು ತಿನ್ನುವುದನ್ನು. ತೊಳೆಯುವಾಗ ಅದು ಸತ್ತರೆ ಅಡ್ಡಿಯಿಲ್ಲ. ಜೈನರು ತಡೆಯಲು ಯತ್ನಿಸುವುದು ಅದರ ಹಿಂಸೆಯನ್ನು. ಗೆಡ್ಡೆಯಲ್ಲಿ ಅನಂತ ಜೀವಗಳಿವೆ ಎಂಬ ನಂಬಿಕೆಯಿಂದ ಆಲೂಗಡ್ಡೆ, ಈರುಳ್ಳಿ, ಹಸಿ ಶುಂಠಿಯನ್ನು ಬಿಡುವುದೂ, ಒಣಗಿದ ಶುಂಠಿಯನ್ನು ಹಲವರು ಬಳಸುವುದೂ ಇದೇ ತರ್ಕದಿಂದ ಅರ್ಥವಾಗುತ್ತದೆ. ಕೋಷ್ಟಕದಲ್ಲಿ ‘ಕಾರಣ’ ಎಂಬ ಐದನೇ ಪ್ರಶ್ನೆಯನ್ನೂ ಸೇರಿಸಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಕಾರಣ ತಿಳಿಯದಿದ್ದರೆ ಹೊಸ ಪದಾರ್ಥ ಎದುರಾದಾಗ ಉತ್ತರ ಊಹೆಯಾಗುತ್ತದೆ.

ಈಗ ಒಂದು ಚೀಸ್ ತುಂಡನ್ನು ಎಲ್ಲ ಸಾಲುಗಳಲ್ಲೂ ಪರೀಕ್ಷಿಸೋಣ. ಹಾಲನ್ನು ಗಟ್ಟಿಗೊಳಿಸಲು ಸಾಂಪ್ರದಾಯಿಕವಾಗಿ ಹಾಲು ಕುಡಿಯುವ ಕರುವಿನ ನಾಲ್ಕನೇ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಅಂಥ ಚೀಸ್ ಹಾಲಿನ ಪದಾರ್ಥವಾದರೂ ಕಟ್ಟುನಿಟ್ಟಿನ ಶಾಕಾಹಾರಿಗೂ ಜೈನರಿಗೂ ಸಲ್ಲದು. ಮುಸ್ಲಿಮರಿಗೆ, ಕರು ಹಲಾಲ್ ವಿಧಿಯಲ್ಲಿ ವಧೆಯಾಗಿದ್ದರೆ ಚಿಂತೆಯಿಲ್ಲ. ಆಗಿರದಿದ್ದರೆ ಪಂಥಗಳ ನಡುವೆ ಭಿನ್ನಾಭಿಪ್ರಾಯವಿದೆ. ಈಗ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ವ್ಯಾಪಕವಾಗಿ ಸಿಗುತ್ತದೆ, ಅದರಿಂದ ಮಾಡಿದ್ದು ಶಾಕಾಹಾರಿಗೆ ಸಲ್ಲುತ್ತದೆ. ಆದರೆ ಕಟ್ಟುನಿಟ್ಟಿನ ಯಹೂದಿಗೆ ಅದೂ ಸಾಲದು, ಚೀಸ್ ತಯಾರಿಕೆಗೆ ಯಹೂದಿ ಮೇಲ್ವಿಚಾರಣೆ ಬೇಕು. ನಮ್ಮ ಪನೀರ್ ನಿಂಬೆಹಣ್ಣು ಅಥವಾ ಬೇರೆ ಹುಳಿಯಿಂದ ಒಡೆದದ್ದಾದ್ದರಿಂದ ಅಲ್ಲಿ ರೆನೆಟ್ಟಿನ ಪ್ರಶ್ನೆಯೇ ಹುಟ್ಟುವುದಿಲ್ಲ.

ಭಾರತದಲ್ಲಿ ಪೊಟ್ಟಣದ ಮೇಲಿನ ಹಸಿರು ಗುರುತು ಇಷ್ಟನ್ನೆಲ್ಲ ಹೇಳುವುದಿಲ್ಲ. ಮಾಂಸ, ಮೀನು, ಮೊಟ್ಟೆ ಇಲ್ಲ ಎಂಬುದನ್ನು ಅದು ತಿಳಿಸುತ್ತದೆ. ಹಾಲು ಮತ್ತು ಜೇನಿಗೆ ಆ ವ್ಯಾಖ್ಯೆಯಲ್ಲಿ ವಿನಾಯಿತಿಯಿದೆ. ಆಲೂಗಡ್ಡೆ ಚಿಪ್ಸ್ ಪೊಟ್ಟಣಕ್ಕೂ, ಜೇನಿನ ಸೀಸೆಗೂ ಹಸಿರು ಗುರುತಿರುತ್ತದೆ, ಎರಡನ್ನೂ ಜೈನರು ಮುಟ್ಟದಿರಬಹುದು.

ಉಳಿದವನ್ನು ಸಂಕ್ಷೇಪವಾಗಿ ಸೇರಿಸಬಹುದು. ಹೆಚ್ಚಿನ ಕ್ರೈಸ್ತ ಪಂಗಡಗಳಲ್ಲಿ ಶಾಶ್ವತ ನಿಷೇಧಗಳಿಲ್ಲ. ಕ್ಯಾಥೊಲಿಕರು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಡುತ್ತಾರೆ. ಸಿಖ್ಖರ ನಡವಳಿಕೆಯ ಸಂಹಿತೆಯಾದ ರೆಹತ್ ಮರ್ಯಾದಾ ಹಲಾಲ್ ವಿಧಿಯಲ್ಲಿ ಕೊಂದ ಮಾಂಸವನ್ನು ನಿಷೇಧಿಸುತ್ತದೆ, ಗುರುದ್ವಾರದ ಲಂಗರ್ ಮಾತ್ರ ಎಲ್ಲರೂ ಕೂತು ಉಣ್ಣುವಂತೆ ಶಾಕಾಹಾರವೇ.

‘ಹಿಂದೂ’ ಎಂಬ ಒಂದೇ ಸಾಲು ಹಾಕಬಾರದು, ಏಕೆಂದರೆ ಮಾಂಸ ಉಣ್ಣುವ ಹಿಂದೂಗಳು ಬಹಳ ಮಂದಿ. ಮೇಲಿನ ಕೋಷ್ಟಕದಲ್ಲಿ ವೈಷ್ಣವ ಎಂದಷ್ಟೇ ಬರೆದದ್ದು ಅದಕ್ಕೇ. ಅದರಲ್ಲೂ ಹೊತ್ತಿನ ಕಾಲಂ ಎಷ್ಟು ಸೂಕ್ಷ್ಮವೆಂದರೆ, ಉಡುಪಿಯ ಮಾಧ್ವ ಸಂಪ್ರದಾಯದ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯ ವರ್ಜ್ಯ. ಅದೇ ವ್ಯಕ್ತಿಗೆ ಅದೇ ತಟ್ಟೆ ಆಷಾಢದಲ್ಲಿ ಸಲ್ಲದೆ, ಕಾರ್ತಿಕದ ನಂತರ ಸಲ್ಲುತ್ತದೆ.